ರಾತ್ರಿ ಎರಡು ಗಂಟೆಗೆ ಅಪ್ಪ ಯಾರ ಜೊತೆ ಇಸ್ಪೀಟ್ ಆಡುತ್ತಾರೆ?

ಪ್ರಶ್ನೆ: ನಮ್ಮ ಅಪ್ಪನಿಗೆ 67 ವರ್ಷ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಅವ್ವ ತೀರಿಕೊಂಡು ಎರಡು ವರ್ಷ ಆಯ್ತು. ಅಪ್ಪ ಹುಬ್ಬಳ್ಳಿ ಮನೆಯಲ್ಲಿ ಒಬ್ಬರೇ ಇರ್ತಾರೆ, ನಾನು ಪುಣೆಯಲ್ಲಿದ್ದೇನೆ. ದಸರೆಗೆ ಹೋದಾಗ ಅವರ ಫೋನಿನಲ್ಲಿ ಬ್ಯಾಂಕಿನ ಮೆಸೇಜುಗಳನ್ನು ನೋಡಿದೆ. ಆನ್‌ಲೈನ್ ರಮ್ಮಿಗೆ ದಿನಾ 500, 1,000 ಹೋಗಿದೆ. ಸಂಜೆ ಏಳೂವರೆಯಿಂದ ಹತ್ತರವರೆಗೆ, ಮತ್ತೆ ರಾತ್ರಿ ಎರಡರಿಂದ ನಾಲ್ಕರವರೆಗೆ. ಎರಡು ಲಕ್ಷದ ಎಫ್‌ಡಿಯನ್ನೂ ಮುರಿದಿದ್ದಾರೆ. ಜೀವನದಲ್ಲಿ ಬೀಡಿ ಸಹ ಸೇದಿದವರಲ್ಲ. ಕೈ ನಡುಕಕ್ಕೆ ಗುಳಿಗೆ ತಗೋತಾರೆ, ಅದು ಬಿಟ್ಟರೆ ಗಟ್ಟಿಯಾಗಿದ್ದಾರೆ. ಫೋನ್ ಕಸಿದುಕೊಂಡುಬಿಡೋಣ ಅಂತಾನೆ ತಮ್ಮ. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ)

ಮನೋವೈದ್ಯರ ಉತ್ತರ: ಫೋನ್ ಕಸಿಯಬೇಡಿ. ಮೊದಲು ಆ ಗುಳಿಗೆಯ ಚೀಟಿ ನೋಡಿ.

ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಕೈ ನಡುಕ ಪಾರ್ಕಿನ್ಸನ್ ಕಾಯಿಲೆಯದ್ದಾಗಿದ್ದರೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಎಂಬ ಔಷಧಿ ಕೊಟ್ಟಿರುವ ಸಾಧ್ಯತೆ ಇದೆ. ಅವು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನು ತಾವೇ ಮಾಡುತ್ತವೆ. ಅದರಿಂದ ಕೈಕಾಲು ಸಡಿಲವಾಗುತ್ತವೆ. ಆದರೆ 'ಇನ್ನೊಂದು ಸಲ, ಇನ್ನೊಂದೇ ಸಲ' ಅನ್ನಿಸುವ ಆಸೆಯನ್ನು ನಡೆಸುವುದೂ ಅದೇ ಡೋಪಮೈನ್. ಹಾಗಾಗಿ ಕೆಲವರಲ್ಲಿ ಆ ಆಸೆಗೆ ಲಗಾಮು ತಪ್ಪುತ್ತದೆ. ಒಬ್ಬರು ಜೂಜಿಗೆ ಬೀಳುತ್ತಾರೆ, ಇನ್ನೊಬ್ಬರು ಬೇಡದ್ದನ್ನೆಲ್ಲ ಕೊಳ್ಳುತ್ತಾರೆ, ಮತ್ತೊಬ್ಬರು ರಾತ್ರಿ ಎದ್ದು ಸಿಹಿ ತಿನ್ನುತ್ತಾರೆ. ಅಮೆರಿಕ ಮತ್ತು ಕೆನಡಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳನ್ನು ಕೇಳಿ ಮಾಡಿದ ಅಧ್ಯಯನ 2010ರಲ್ಲಿ ಬಂತು. ಈ ಗುಂಪಿನ ಔಷಧಿ ತಗೊಳ್ಳುವವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ ಇಂಥ ಒಂದಾದರೂ ತೊಂದರೆ ಇತ್ತು. ತಗೊಳ್ಳದವರಲ್ಲಿ ಅದು 7ರ ಆಸುಪಾಸು.

ಅಂದರೆ ಬೀಡಿ ಸೇದದ ಮನುಷ್ಯ 67ರಲ್ಲಿ ಹೊಸದಾಗಿ ಜೂಜಿಗೆ ಇಳಿದರೆ ಗುಣ ಕೆಟ್ಟಿತು ಅಂತ ತೀರ್ಮಾನಿಸುವ ಮೊದಲು ಔಷಧಿ ಯಾವಾಗ ಶುರುವಾಯಿತು, ಡೋಸ್ ಯಾವಾಗ ಹೆಚ್ಚಾಯಿತು ಅಂತ ನೋಡಬೇಕು. ಬ್ಯಾಂಕಿನ ಮೊದಲ ಮೆಸೇಜ್ ಅದಾದ ಕೆಲವು ತಿಂಗಳಲ್ಲಿ ಬಂದಿದ್ದರೆ ಗುಳಿಗೆ ಬರೆದುಕೊಟ್ಟ ವೈದ್ಯರಿಗೆ ಈ ಸಂಗತಿ ತಿಳಿಸಲೇಬೇಕು. ಅವರು ಸಾಮಾನ್ಯವಾಗಿ ಡೋಸನ್ನು ನಿಧಾನವಾಗಿ ಇಳಿಸಿ, ಬೇರೆ ಔಷಧಿಯಿಂದ ನಡುಕ ಹಿಡಿದಿಡುತ್ತಾರೆ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಮೈ ಬಿಗಿಯುತ್ತದೆ, ಮನಸ್ಸು ಕುಸಿಯುತ್ತದೆ. ಚೀಟಿಯಲ್ಲಿ ಈ ಹೆಸರುಗಳೇ ಇಲ್ಲದಿದ್ದರೂ ಆ ಚೀಟಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ಈ ವಯಸ್ಸಿನಲ್ಲಿ ಸ್ವಭಾವ ದಿಢೀರನೆ ಬದಲಾದರೆ ಮರೆವಿನ ಕಾಯಿಲೆಯ ಆರಂಭವೇ ಎಂದೂ ನೋಡಬೇಕಾಗುತ್ತದೆ.

ಈಗ ನೀವು ಬರೆದ ಸಮಯಕ್ಕೆ ಬರೋಣ. ಮನೆಯವರೆಲ್ಲ ಎಷ್ಟು ಹೋಯ್ತು ಅಂತ ನೋಡುತ್ತಾರೆ. ನೀವು ಯಾವಾಗ ಹೋಯ್ತು ಅಂತಲೂ ನೋಡಿದ್ದೀರಿ, ನನಗೆ ಅದೇ ಜಾಸ್ತಿ ಬೇಕಿತ್ತು. ಏಳೂವರೆಯಿಂದ ಹತ್ತು ಎಂದರೆ ನಿಮ್ಮವ್ವ ರೊಟ್ಟಿ ಬಡಿದು, ಊಟಕ್ಕೆ ಹಾಕಿ, ಧಾರಾವಾಹಿ ನೋಡುತ್ತ ಮಾತಾಡುತ್ತಿದ್ದ ಹೊತ್ತು ಅಲ್ವಾ? ಇನ್ನು ರಾತ್ರಿ ಎರಡರಿಂದ ನಾಲ್ಕು. ಗಾರ್ಡ್ ಡ್ಯೂಟಿ ಮಾಡಿದ ಮನುಷ್ಯ ಅಷ್ಟು ವರ್ಷ ಅದೇ ಹೊತ್ತಿನಲ್ಲಿ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಎಚ್ಚರವಾಗಿ ಕೂತಿರುತ್ತಾರೆ. ಡ್ಯೂಟಿ ಮುಗಿದರೂ ಆ ಎಚ್ಚರ ಹೋಗುವುದಿಲ್ಲ. ಆಗ ಫೋನಿನಲ್ಲಿ ಒಂದು ಮೇಜು ತೆರೆದಿರುತ್ತದೆ. ನಾಲ್ಕು ಹೆಸರು ಕಾಣುತ್ತವೆ, 'ನಿಮ್ಮ ಸರದಿ' ಅಂತ ಗಂಟೆ ಬಾರಿಸುತ್ತದೆ. ಇಡೀ ದಿನ ಯಾರೂ ಅವರ ಸರದಿಗೆ ಕಾದಿಲ್ಲ. ಇಲ್ಲಿ ಕಾಯುತ್ತಾರೆ.

ರಮ್ಮಿಗೆ ಇನ್ನೊಂದು ಮೋಹ ಇದೆ. ಲಾಟರಿಯಲ್ಲಿ ಸೋತರೆ ಸೋತೆ ಅಂತ ಗೊತ್ತಾಗುತ್ತದೆ. 13 ಎಲೆಯ ರಮ್ಮಿಯಲ್ಲಿ ಪ್ರತಿ ಸೋಲೂ 'ಒಂದೇ ಎಲೆ ಬಂದಿದ್ದರೆ' ಅನ್ನುವ ಹಾಗಿರುತ್ತದೆ. ಎಲೆ ಎಣಿಸುವುದು, ಯಾರು ಏನು ಎಸೆದರು ಎಂದು ನೆನಪಿಡುವುದು, ಇದರಲ್ಲೆಲ್ಲ ಕೌಶಲ ಖಂಡಿತ ಇದೆ. ರಮ್ಮಿಯಲ್ಲಿ ಮುಖ್ಯವಾಗಿ ಕೌಶಲ ಬೇಕು ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ನಿಮ್ಮಪ್ಪ ಇದನ್ನು ನಿಮಗೆ ಹೇಳಿಯೇ ಹೇಳುತ್ತಾರೆ, ತಯಾರಿರಿ. ಅಲ್ಲಿ ವಾದ ಮಾಡಬೇಡಿ. ಒಂದು ಲೆಕ್ಕ ಮಾತ್ರ ಜೊತೆಗೆ ಕೂತು ಮಾಡಿ.

ಇಬ್ಬರು ಸಮಸಮ ಆಟಗಾರರು ಅಂದುಕೊಳ್ಳಿ. ಪಾಯಿಂಟಿಗೆ ಎರಡು ರೂಪಾಯಿ. ಸೋತವನ ಕೈಯಲ್ಲಿ 50 ಪಾಯಿಂಟ್ ಉಳಿದರೆ 100 ರೂಪಾಯಿ ಹೋಯಿತು. ಮೇಜು ನಡೆಸುವವನು ಅದರಲ್ಲಿ ಹತ್ತು ಪರ್ಸೆಂಟ್ ಹಿಡಿದುಕೊಂಡು ಗೆದ್ದವನಿಗೆ 90 ಕೊಡುತ್ತಾನೆ. ಒಂದು ಆಟಕ್ಕೆ ಐದು ನಿಮಿಷ, ಗಂಟೆಗೆ 12 ಆಟ. ನಿಮ್ಮಪ್ಪ ಆರು ಗೆದ್ದು ಆರು ಸೋತರು. ಬಂದದ್ದು 540, ಹೋದದ್ದು 600. ಸಮಸಮ ಆಡಿಯೂ ಗಂಟೆಗೆ 60 ರೂಪಾಯಿ ಕಡಿಮೆ. ದಿನಕ್ಕೆ ನಾಲ್ಕು ತಾಸು ಆಡಿದರೆ 240, ತಿಂಗಳಿಗೆ 7,200. ಎದುರಿನವನ ಲೆಕ್ಕವೂ ಇಷ್ಟೇ. ಅವರು ಸೋಲುತ್ತಿರುವುದು ಒಬ್ಬರಿಗೊಬ್ಬರಲ್ಲ, ಮೇಜಿಗೆ. ಅಷ್ಟು ವರ್ಷ ಗಾಡಿಯ ಟೈಮು ಬರೆದಿಟ್ಟ ಮನುಷ್ಯನಿಗೆ ಈ ಲೆಕ್ಕ ಹತ್ತು ಬೈಗುಳಕ್ಕಿಂತ ಬೇಗ ತಾಗುತ್ತದೆ.

ಇಷ್ಟಕ್ಕೂ ಇದು ನೆಟ್ಟಗಿನ ಮೇಜಿನ ಲೆಕ್ಕ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ದೊಡ್ಡ ಕಂಪನಿಗಳು ದುಡ್ಡಿನ ಮೇಜು ಮುಚ್ಚಿದವು. ಆಮೇಲೂ ಆಡುತ್ತಿರುವವರಿಗೆ ಹೆಚ್ಚಾಗಿ ವಾಟ್ಸಾಪ್, ಟೆಲಿಗ್ರಾಮ್‌ನಲ್ಲಿ ಲಿಂಕ್ ಬಂದಿರುತ್ತದೆ. ಅಲ್ಲಿ ಎದುರು ಕೂತವರು ಮನುಷ್ಯರೇ ಅನ್ನುವ ಖಾತ್ರಿ ಇಲ್ಲ. ಮೆಸೇಜಿನಲ್ಲಿ ದುಡ್ಡು ಹೋದ ಹೆಸರುಗಳನ್ನು ನೋಡಿ. ಇವತ್ತು ಯಾವುದೋ ಅಂಗಡಿ, ನಾಳೆ ಯಾರೋ ಅಪರಿಚಿತ ವ್ಯಕ್ತಿ, ಹೀಗೆ ಬದಲಾಗುತ್ತಿದ್ದರೆ ಅವು ಬಾಡಿಗೆಗೆ ಪಡೆದ ಖಾತೆಗಳು. ಗೆದ್ದ ದುಡ್ಡೂ ಅಂಥ ಖಾತೆಯಿಂದಲೇ ಬರುತ್ತದೆ. ಆ ದುಡ್ಡು ಇನ್ನೊಬ್ಬರಿಗೆ ಮೋಸ ಮಾಡಿ ತಂದದ್ದಾಗಿದ್ದರೆ, ದೂರು ಬಂದ ದಿನ ನಿಮ್ಮಪ್ಪನ ಖಾತೆಯಲ್ಲೂ ಹಣ ತಡೆಹಿಡಿಯಬಹುದು. ಅದು ಪಿಂಚಣಿ ಖಾತೆಯಾಗಿದ್ದರೆ ಔಷಧಿಗೂ ದುಡ್ಡಿರುವುದಿಲ್ಲ. ಪೊಲೀಸರ ಹೆಸರು ಹೇಳಿ ಮಾತ್ರ ಅವರನ್ನು ಹೆದರಿಸಬೇಡಿ. ಆ ಕಾನೂನಿನಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ. ಆಡಿದವರಿಗಲ್ಲ.

ಮಾತು ಹೇಗೆ ಶುರು ಮಾಡುವುದು? ಫೋನಿನಲ್ಲಿ ಬೇಡ, ಊರಿಗೆ ಹೋಗಿ. ಅಳಿಯ, ಸೊಸೆ, ಮೊಮ್ಮಕ್ಕಳ ಎದುರು ಬೇಡ. ತಮ್ಮನನ್ನೂ ಮೊದಲ ದಿನ ದೂರ ಇಡಿ. ಬೆಳಿಗ್ಗೆ ಉಣಕಲ್ ಕೆರೆ ಕಡೆ ಅಡ್ಡಾಡಲು ಕರೆದುಕೊಂಡು ಹೋದರೆ ಒಳ್ಳೆಯದು. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಗಂಡಸರಿಗೆ ಮಾತು ಸಲೀಸು. "ಎಷ್ಟು ಕಳದೀ?" ಅನ್ನಬೇಡಿ, ಮೊದಲ ಉತ್ತರವೇ ಸುಳ್ಳಾಗುತ್ತದೆ. ಆಮೇಲೆ ಆ ಸುಳ್ಳನ್ನು ಕಾಯುವುದೇ ಅವರ ಕೆಲಸವಾಗುತ್ತದೆ. "ಅಪ್ಪಾ, ರಾತ್ರಿ ಎರಡಕ್ಕ ಎಚ್ಚರ ಆಗ್ತೈತೇನು?" ಅಂತ ಕೇಳಿ ಸುಮ್ನಿರಿ. ಅವ್ವನ ಮಾತು ಬರಬಹುದು. ಬರಲಿ. ದುಡ್ಡಿನ ಮಾತು ಎರಡನೇ ದಿನ ಆದರೂ ನಡೆಯುತ್ತದೆ.

ದುಡ್ಡಿಗೆ ಬೇಲಿ ಹಾಕಲೇಬೇಕು, ಆದರೆ ಯಜಮಾನಿಕೆ ಅವರ ಕೈಯಲ್ಲೇ ಇರಲಿ. ನನಗೆ ಸರಿ ಕಂಡಿರುವುದು ಎರಡು ಖಾತೆಯ ದಾರಿ. ಪಿಂಚಣಿ ಬರುವ ಖಾತೆಯಿಂದ ಯುಪಿಐ ತೆಗೆಸಿ. ಇನ್ನೊಂದು ಸಣ್ಣ ಖಾತೆಗೆ ಮಾತ್ರ ಯುಪಿಐ ಇರಲಿ. ಅಲ್ಲಿಗೆ ಪ್ರತಿ ಸೋಮವಾರ ಕಿರಾಣಿ, ಹಾಲು, ಕೈಖರ್ಚಿಗೆ ಬೇಕಾದಷ್ಟು ದುಡ್ಡು ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ತಿಂಗಳ ಮೊದಲ ವಾರ ಖಾತೆ ತುಂಬಿದ್ದಾಗಲೇ ಕೈ ಜಾಸ್ತಿ ಹೋಗುವುದು. ಉಳಿದ ಎಫ್‌ಡಿಗಳನ್ನು ಅವರ ಮತ್ತು ನಿಮ್ಮ ಹೆಸರಲ್ಲಿ, ಇಬ್ಬರ ಸಹಿ ಬೇಕು ಎಂಬ ಷರತ್ತಿನ ಮೇಲೆ ಇಡಿ. ಅಂಥದ್ದನ್ನು ರಾತ್ರಿ ಎರಡಕ್ಕೆ ಫೋನಿನಲ್ಲಿ ಮುರಿಯಲು ಸಾಮಾನ್ಯವಾಗಿ ಆಗುವುದಿಲ್ಲ. ಎಫ್‌ಡಿ ಮೇಲೆ ಫೋನಿನಲ್ಲೇ ಸಾಲ ಕೊಡುವ ಸೌಲಭ್ಯವಿದ್ದರೆ ಅದನ್ನೂ ಬಂದ್ ಮಾಡಿಸಿ, ಜನ ಇದನ್ನು ಮರೆಯುತ್ತಾರೆ. ಎಲ್ಲ ಅರ್ಜಿಗೂ ಅವರೇ ಬ್ಯಾಂಕಿಗೆ ಬಂದು ಸಹಿ ಹಾಕಲಿ. ಕದ್ದು ಮಾಡಿದ ಬೇಲಿ ಒಂದು ವಾರವೂ ನಿಲ್ಲದು. ಸಾಲ ಇದ್ದರೆ ಅವರ ಕೈಗೆ ದುಡ್ಡು ಕೊಡಬೇಡಿ, ಕೊಟ್ಟವರಿಗೆ ನೇರವಾಗಿ ಕಟ್ಟಿ.

ಇನ್ನು ಆ ಎರಡು ಹೊತ್ತು. ಸಂಜೆಯ ಹೊತ್ತಿಗೆ ನೀವು ಊಟ ಮಾಡುವಾಗ ಅವರೂ ಅಲ್ಲಿ ಊಟ ಮಾಡಲಿ, ವಿಡಿಯೋ ಕಾಲ್ ಹಚ್ಚಿ ಎದುರಿಗೆ ಇಡಿ. ಮಾತಾಡಲೇಬೇಕು ಅಂತಿಲ್ಲ. ರಾತ್ರಿಯದು ಕಷ್ಟ. ನಿದ್ದೆಗೆ ವೈದ್ಯರ ಸಹಾಯ ಬೇಕು, ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಕು. ರಾತ್ರಿ ಅವಸರಕ್ಕೆ ಹಾಸಿಗೆ ಪಕ್ಕ ಬಟನ್ ಇರುವ ಸಾದಾ ಮೊಬೈಲ್ ಇರಲಿ. ಗೆಳೆಯರ ಜೊತೆ ದುಡ್ಡಿಲ್ಲದೆ ಎಲೆ ಆಡಿದರೆ ಆದೀತಾ ಅಂತ ಹಲವರು ಕೇಳುತ್ತಾರೆ. ಮೊದಲ ಕೆಲವು ತಿಂಗಳು ಬೇಡ ಅನ್ನುವವನು ನಾನು. ಕೈಗೆ ಎಲೆ ಬಂದರೆ ಮನಸ್ಸು ಹಳೇ ಮೇಜಿಗೆ ಓಡುತ್ತದೆ. ಕೇರಂ ಆದೀತು.

ಆಟ ನಿಂತ ಮೊದಲ ವಾರಗಳಲ್ಲಿ ಸಿಡುಕು, ಚಡಪಡಿಕೆ ಇರುತ್ತವೆ. ಅದಕ್ಕೆ ಹೆದರಬೇಡಿ. ಆದರೆ ಕಳೆದ ದುಡ್ಡಿನ ಲೆಕ್ಕ ಬಯಲಾದ ಮೇಲೆ "ನಾ ಇದ್ದು ಏನ್ ಮಾಡೋದೈತಿ" ಎಂಬ ಮಾತು ಒಮ್ಮೆ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ. ಆ ರಾತ್ರಿ ನೀವೋ ತಮ್ಮನೋ ಅಲ್ಲೇ ಮಲಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಮೋಸದಿಂದ ಹೋಗಿದೆ ಅನ್ನಿಸಿದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಅಲ್ಲಿಗೆ 'ನಿದ್ದೆ ಬರ್ತಿಲ್ಲ, ತೋರಿಸಿಕೊಂಡು ಬರೋಣ' ಅಂತ ಕರೆದುಕೊಂಡು ಹೋದರೆ ಅದು ಸುಳ್ಳೂ ಅಲ್ಲ. ಹೋಗುವಾಗ ಎರಡು ಕಾಗದ ಜೊತೆಗಿರಲಿ: ಗುಳಿಗೆಯ ಚೀಟಿ, ಮತ್ತು ಕಳೆದ ಆರು ತಿಂಗಳಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ದುಡ್ಡು ಹೋಯಿತು ಅಂತ ಬರೆದ ಪಟ್ಟಿ. ಆ ಪಟ್ಟಿಯನ್ನು ಅಪ್ಪನ ಕೈಯಿಂದಲೇ ಬರೆಸಿ.