ಫೋಟೋದಲ್ಲಿ ಚರ್ಮದ ಬ್ಯಾಗ್ ಪ್ಲಾಸ್ಟಿಕ್ ಥರ ಕಾಣುತ್ತಿದ್ದರೆ

"ಕಂದು ಚರ್ಮದ ಬ್ಯಾಗ್ ಫೋಟೋದಲ್ಲಿ ಪ್ಲಾಸ್ಟಿಕ್ ಥರ ಕಾಣುತ್ತೆ. ಬಕಲ್ ಅಂತೂ ಪೂರ್ತಿ ಕಪ್ಪು. ಏನು ಮಾಡಲಿ?"

ಬೆಳಕು ಬಹುಶಃ ಕ್ಯಾಮೆರಾ ಕಡೆಯಿಂದಲೇ ಬೀಳುತ್ತಿದೆ. ಆಗ ಚರ್ಮದ ಸಣ್ಣ ಉಬ್ಬುತಗ್ಗುಗಳಿಗೆ ನೆರಳೇ ಇರುವುದಿಲ್ಲ, ಚರ್ಮದ ಸಹಜ ಮೇಲ್ಮೈ ವಿನ್ಯಾಸ, ಅಂದರೆ ಗ್ರೇನ್, ಮಾಯ.

ಮೊದಲು ಫ್ಲ್ಯಾಶ್, ಮನೆಯ ಲೈಟು ಎಲ್ಲಾ ಆರಿಸಿ. ಬ್ಯಾಗನ್ನು ಕಿಟಕಿಗೆ ಪಕ್ಕವಾಗಿ ಇಡಿ. ನೇರ ಬಿಸಿಲಿದ್ದರೆ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ. ಈಗ ಬ್ಯಾಗನ್ನು ನಿಧಾನಕ್ಕೆ ತಿರುಗಿಸಿ, ಬೆಳಕು ಅದರ ಮುಂಭಾಗವನ್ನು ಸವರಿಕೊಂಡು ಹೋಗುವಂತಾಗಲಿ. ಹೊಲಿಗೆಯ ಒಂದೊಂದು ದಾರದ ಪಕ್ಕದಲ್ಲೂ ಸಣ್ಣ ನೆರಳು ಕಂಡರೆ ಕೋನ ಸರಿಯಾಗಿದೆ. ತೀರಾ ಓರೆಯಾದರೆ ಸುಕ್ಕು, ಧೂಳು ಕೂಡ ಎದ್ದು ಕಾಣುತ್ತವೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ. ನೆರಳಿನ ಕಡೆ ತುಂಬಾ ಕಪ್ಪಾದರೆ ಅಲ್ಲೊಂದು ಬಿಳಿ ರಟ್ಟು ನಿಲ್ಲಿಸಿ.

ಬಕಲ್ ಕಥೆ ಬೇರೆ. ಅದು ಕನ್ನಡಿ ಅಲ್ವಾ, ಎದುರಿಗಿರುವ ಕತ್ತಲೆ ಕೋಣೆಯನ್ನೇ ತೋರಿಸುತ್ತಿದೆ. ಎ4 ಬಿಳಿ ಹಾಳೆಯೊಂದನ್ನು ಕ್ಯಾಮೆರಾ ಪಕ್ಕದಲ್ಲಿ ಹಿಡಿದು, ಲೋಹದಲ್ಲಿ ಅದರ ಬಿಂಬ ಬರುವವರೆಗೆ ವಾಲಿಸಿ. ಅಂಚಿನಲ್ಲಿ ಒಂದಿಷ್ಟು ಕಪ್ಪು ಉಳಿಯಲಿ, ಇಲ್ಲದಿದ್ದರೆ ಲೋಹ ಬರೀ ಬೂದು ಬಣ್ಣದ ತುಂಡಿನಂತೆ ಕಾಣುತ್ತದೆ. ಫೋಟೋ ತೆಗೆಯುವ ಮುಂಚೆ ಬಕಲ್ ಒರೆಸಿ, ಬೆರಳಚ್ಚು ಫೋಟೋದಲ್ಲಿ ಜಾಸ್ತಿ ಕಾಣುತ್ತದೆ.

ಚರ್ಮದ ಮೇಲೆ ದಪ್ಪ ಪಾಲಿಶ್ ಪದರ ಇದ್ದರೆ ಮಾತ್ರ ಇದರಿಂದ ಪೂರ್ತಿ ಸರಿಹೋಗದೇ ಇರಬಹುದು. ಆಗ ಲೆನ್ಸ್‌ಗೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ ನೋಡಿ.