‘ರೇಟು ಜಾಸ್ತಿ ಆಯ್ತು’ ಅಂದಕೂಡಲೇ ಇಳಿಸಬೇಕಾ?

*ಧಾರವಾಡದಲ್ಲಿ ಆರು ಹೆಣ್ಣುಮಕ್ಕಳ ಜೊತೆ ಬಟ್ಟೆ ಚೀಲ ಹೊಲಿಯುವ ಸಣ್ಣ ಘಟಕ ನಡೆಸುತ್ತೇನೆ. ಹೋದ ತಿಂಗಳು ಬೆಂಗಳೂರಿನ ಒಂದು ಕಂಪನಿಗೆ 1,000 ಚೀಲಕ್ಕೆ, ಒಂದಕ್ಕೆ 145 ರೂಪಾಯಿಯಂತೆ ಕೊಟೇಶನ್ ಕಳಿಸಿದೆ. ನನಗೆ ಎಲ್ಲ ಖರ್ಚು ಸೇರಿ 112 ಬೀಳುತ್ತದೆ. ‘ರೇಟು ಜಾಸ್ತಿ ಆಯ್ತು’ ಅಂತ ಒಂದೇ ಸಾಲಿನ ಮೇಲ್ ಬಂತು. ಎದೆ ಧಸಕ್ಕೆಂದು, ಹದಿನೈದೇ ನಿಮಿಷದಲ್ಲಿ 130 ಅಂತ ಬರೆದೆ. ಈಗ 120 ಕೇಳುತ್ತಿದ್ದಾರೆ. ಅದೇ ಚೀಲಕ್ಕೆ ರೇಟು ಕೇಳಿದ್ದ ಇನ್ನೊಂದು ಕಂಪನಿಯಿಂದ ನಿನ್ನೆ ಅದೇ ಸಾಲು ಬಂದಿದೆ. ನಮ್ಮ ಮನೆಯವರು ‘ಬಂದ ಗಿರಾಕಿ ಬಿಡಬೇಡ’ ಅಂತಾರೆ. ಏನು ಬರೆಯಲಿ?*
*— ಹೆಸರು ಬೇಡ, ಧಾರವಾಡ*

ಮೊದಲು ಆ ಹದಿನೈದು ನಿಮಿಷದ ಲೆಕ್ಕ ನೋಡೋಣ. 145ಕ್ಕೆ ಕೊಟ್ಟಿದ್ದರೆ ಒಂದು ಚೀಲಕ್ಕೆ ನಿಮಗೆ ಉಳಿಯುತ್ತಿದ್ದದ್ದು 33 ರೂಪಾಯಿ. 130ಕ್ಕೆ ಉಳಿಯುವುದು 18. ಗಿರಾಕಿಯ ಕಣ್ಣಿಗೆ ನೀವು ಇಳಿಸಿದ್ದು ನೂರಕ್ಕೆ ಹತ್ತರಷ್ಟು. ನಿಮ್ಮ ಲಾಭದಲ್ಲಿ ಹೋದದ್ದು ಹೆಚ್ಚುಕಡಿಮೆ ಅರ್ಧ. ಮೊದಲಿನ 33,000 ಲಾಭ ಮತ್ತೆ ಬರಬೇಕಾದರೆ ಸಾವಿರವಲ್ಲ, 1,834 ಚೀಲ ಹೊಲಿಯಬೇಕು. ನಿಮ್ಮ ಮನೆಯವರಿಗೆ ಈ ಸಂಖ್ಯೆಯನ್ನೇ ತೋರಿಸಿ. ಅವರ ಮಾತು ತಪ್ಪಲ್ಲ, ಗಿರಾಕಿಯನ್ನು ಬಿಡಬಾರದು. ಆದರೆ ಇನ್ನೂ ಚೀಲವನ್ನೇ ಸರಿಯಾಗಿ ನೋಡದ ಗಿರಾಕಿಗೆ ಅರ್ಧ ಲಾಭ ಬಿಟ್ಟುಕೊಡುವ ಗಡಿಬಿಡಿ ಯಾಕೆ?

ಇನ್ನೊಂದು ನಷ್ಟ ಲೆಕ್ಕದಲ್ಲಿ ಕಾಣುವುದಿಲ್ಲ. ಈ ಅಂಕಣಕ್ಕೆ ಬರುವ ಮುಂಚೆ ನಾನು ಕೆಲವು ವರ್ಷ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಕ್ಯಾಲೆಂಡರ್ ಆರ್ಡರಿಗೆ ನಾನೂ ಹೀಗೇ ಚಹಾ ಕುಡಿದು ಮುಗಿಸುವಷ್ಟರಲ್ಲಿ ರೇಟು ಇಳಿಸಿ ಬರೆದೆ. ಅವರ ಉತ್ತರ: ‘ಹಾಗಾದರೆ ಮೊದಲು ಯಾಕೆ ಅಷ್ಟು ಹೇಳಿದಿರಿ?’ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಬೇಗ ಇಳಿಸಿದರೆ ಗಿರಾಕಿಗೆ ಖುಷಿಗಿಂತ ಅನುಮಾನವೇ ಜಾಸ್ತಿ ಆಗುತ್ತದೆ. ನಿಮ್ಮ 130 ಆದಮೇಲೆ 120 ಬಂದದ್ದು ಅದಕ್ಕೇ.

ಈಗ ನಿನ್ನೆಯ ಮೇಲ್. ‘ಜಾಸ್ತಿ ಆಯ್ತು’ ಅನ್ನುವುದು ಒಂದೇ ಮಾತಾದರೂ ಅದರ ಹಿಂದೆ ಬೇರೆ ಬೇರೆ ಕಾರಣ ಇರುತ್ತದೆ. ಖರೀದಿ ನೋಡಿಕೊಳ್ಳುವವರಲ್ಲಿ ಬಹಳ ಜನ ಯಾವ ಕೊಟೇಶನ್ ಬಂದರೂ ಮೊದಲು ಹೀಗೇ ಬರೆಯುತ್ತಾರೆ. ಕೇಳಿ ನೋಡೋದರಲ್ಲಿ ಕಳೆದುಕೊಳ್ಳುವುದೇನು, ಅಲ್ವಾ? ಕೆಲವರಿಗೆ ನಿಜವಾಗಿಯೂ ಮೇಲಿನವರು ಇಷ್ಟೇ ಹಣ ಅಂತ ಕಟ್ಟಿಹಾಕಿರುತ್ತಾರೆ. ಇನ್ನು ಕೆಲವರ ಮೇಜಿನ ಮೇಲೆ ಇನ್ನೊಬ್ಬರ ಕೊಟೇಶನ್ ಇರುತ್ತದೆ. ನಿಮ್ಮ ಕಸುಬಿನಲ್ಲಿ ಇದನ್ನು ಚೆನ್ನಾಗಿ ವಿಚಾರಿಸಬೇಕು. ‘ಬಟ್ಟೆ ಚೀಲ’ ಅಂತ ಅಗ್ಗಕ್ಕೆ ಬರುವುದು ಎಷ್ಟೋ ಸಲ ನಾನ್-ವೋವೆನ್ ಚೀಲ. ನೋಡೋಕೆ ಬಟ್ಟೆ ಥರ, ಆದರೆ ಅದು ಪಾಲಿಪ್ರಾಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅದರ ರೇಟಿಗೆ ನಿಮ್ಮ ಹತ್ತಿ ಕ್ಯಾನ್ವಾಸನ್ನು ಇಳಿಸಲು ಹೋದರೆ ಮುಳುಗಿದಿರಿ ಅಂತಲೇ ಲೆಕ್ಕ.

ಯಾವ ಕಾರಣ ಅಂತ ಮೇಲ್ ಓದಿ ಊಹಿಸಲು ಹೋಗಬೇಡಿ. ಕೇಳಿ. ಹಾಗಂತ ಮೂರು ದಿನ ಸುಮ್ನೆ ಕೂರುವುದೂ ಬೇಡ, ಅಷ್ಟರಲ್ಲಿ ಅವರು ಬೇರೆಯವರ ಹತ್ತಿರ ಹೋಗಿರುತ್ತಾರೆ. ಇವತ್ತು ಸಂಜೆಯೊಳಗೆ ಇಷ್ಟು ಕಳಿಸಿ, ಬಟ್ಟೆಯ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೂ ಅದರಲ್ಲಿರಲಿ:

> ನಮಸ್ಕಾರ. ಕೊಟೇಶನ್ ನೋಡಿ ತಿಳಿಸಿದ್ದಕ್ಕೆ ಧನ್ಯವಾದ. 145 ರೂಪಾಯಿ 240 ಜಿಎಸ್‌ಎಂ ಹತ್ತಿ ಕ್ಯಾನ್ವಾಸ್, ಎರಡು ಬಣ್ಣದ ಪ್ರಿಂಟ್ ಮತ್ತು ಒಳಜೇಬು ಇರುವ ಚೀಲದ ರೇಟು. ಒಂದು ವಿಷಯ ತಿಳಿಸಿದರೆ ಸರಿಯಾದ ದಾರಿ ಹೇಳಬಹುದು: ನಿಮಗೆ ನಿಗದಿಯಾದ ಬಜೆಟ್ ಇದೆಯಾ, ಅಥವಾ ಬೇರೆ ಕೊಟೇಶನ್ ಜೊತೆ ಹೋಲಿಸುತ್ತಿದ್ದೀರಾ? ಬೇರೆ ಕೊಟೇಶನ್ ಇದ್ದರೆ ಅದರ ಬಟ್ಟೆ ಯಾವುದು, ಎಷ್ಟು ಜಿಎಸ್‌ಎಂ ಅಂತ ಬರೆದರೆ ಸಾಕು.

ಇಂಗ್ಲಿಷಿನಲ್ಲಿ ಬರೆದರೂ ಇದಕ್ಕಿಂತ ಉದ್ದ ಬೇಡ. ಇದರಲ್ಲಿ ‘ಕ್ಷಮಿಸಿ’ ಇಲ್ಲ ನೋಡಿ. ರೇಟು ಹೇಳಿದ್ದಕ್ಕೆ ಕ್ಷಮೆ ಯಾಕೆ ಕೇಳಬೇಕು? ಆರು ಜನರ ಸಂಬಳದ ಕಷ್ಟವನ್ನೂ ಬರೆಯಬೇಡಿ. ಅದು ನಿಜವೇ, ಆದರೆ ಅದನ್ನು ಓದಿದವರಿಗೆ ನಿಮಗೆ ಆರ್ಡರ್ ಎಷ್ಟು ತುರ್ತು ಅನ್ನುವುದಷ್ಟೇ ಗೊತ್ತಾಗುತ್ತದೆ.

ಅವರು ‘ನಮ್ಮ ಬಜೆಟ್ 125’ ಅಂತ ಬರೆದರು ಅಂತಿಟ್ಟುಕೊಳ್ಳಿ. ಆಗಲೂ ಅದೇ ಚೀಲವನ್ನು 125ಕ್ಕೆ ಕೊಡಬೇಡಿ. ಚೀಲವನ್ನೇ ಬದಲಿಸಿ. ಬಟ್ಟೆಯನ್ನು 180 ಜಿಎಸ್‌ಎಂಗೆ ಇಳಿಸಿದರೆ ನಿಮಗೆ 12 ರೂಪಾಯಿ ಉಳಿಯಬಹುದು. ಪ್ರಿಂಟ್ ಒಂದೇ ಬಣ್ಣಕ್ಕೆ ತಂದರೆ 5, ಯಾಕೆಂದರೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನು, ಬೇರೆ ಸುತ್ತು. ಒಳಜೇಬು ತೆಗೆದರೆ ಬಟ್ಟೆ, ಹೊಲಿಗೆ ಸೇರಿ 6. ಇವು ನನ್ನ ಅಂದಾಜು, ನಿಮ್ಮ ಖಾತೆ ಪುಸ್ತಕದಿಂದ ಸರಿಯಾದದ್ದು ಹಾಕಿಕೊಳ್ಳಿ. ಒಟ್ಟು 23 ಕಡಿಮೆಯಾಗಿ ಖರ್ಚು 89ಕ್ಕೆ ಬಂತು. ಆ ಚೀಲವನ್ನು 122ಕ್ಕೆ ಕೊಡಿ. ಅವರ ಬಜೆಟ್‌ಗೆ ಹೊಂದಿತು, ನಿಮಗೂ ಅದೇ 33 ಉಳಿಯಿತು. ಮೇಲ್‌ನಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆಯಿರಿ: 145ರ ಚೀಲದಲ್ಲಿ ಏನಿದೆ, 122ರದ್ದರಲ್ಲಿ ಏನಿಲ್ಲ. ಎರಡರದ್ದೂ ಒಂದೊಂದು ಸ್ಯಾಂಪಲ್ ಕೊರಿಯರ್ ಮಾಡಿ. ಕೈಯಲ್ಲಿ ಹಿಡಿದು ನೋಡಿದ ಮೇಲೆ ದಪ್ಪ ಬಟ್ಟೆಯನ್ನೇ ಆರಿಸಿ, ಜೇಬು ಮಾತ್ರ ಬೇಡ ಅನ್ನುವವರೂ ಇರುತ್ತಾರೆ.

ಅದೇ ಚೀಲ ಬೇಕು, ರೇಟೂ ಇಳಿಯಬೇಕು ಅಂದರೆ ಬದಲಿಗೆ ಏನಾದರೂ ಕೇಳಿ. ಅರ್ಧ ಮುಂಗಡ ತೆಗೆದುಕೊಳ್ಳುವ ಕಡೆ ಪೂರ್ತಿ ಮುಂಗಡ ಕೊಟ್ಟರೆ 3 ರೂಪಾಯಿ ಬಿಡಬಹುದು. ಸಾಲ ತಂದು ಬಟ್ಟೆ ಎತ್ತುವುದು ತಪ್ಪುತ್ತದಲ್ಲ. ಡೆಲಿವರಿಗೆ ಎರಡು ವಾರ ಜಾಸ್ತಿ ಕೊಟ್ಟರೆ ಓವರ್‌ಟೈಮ್ ಉಳಿಯುತ್ತದೆ, ಅದಕ್ಕೊಂದು 2 ರೂಪಾಯಿ. ‘ಹೀಗೆ ಮಾಡಿದರೆ ಇಷ್ಟು’ ಅಂತಲೇ ಬರೆಯಿರಿ, ‘ನಿಮಗೋಸ್ಕರ’ ಅಂತ ಬರೆಯಬೇಡಿ.

ಅವರ ಬಜೆಟ್ ನಿಜಕ್ಕೂ 80 ಇದ್ದರೆ, ಸಣ್ಣ ಚೀಲ ಆಗಬಹುದಾ ಅಂತ ಒಮ್ಮೆ ಕೇಳಿ. ಆಗಲ್ಲ ಅಂದರೆ ಆ ಆರ್ಡರ್ ನಿಮ್ಮದಲ್ಲ, ನಮಸ್ಕಾರ ಹೇಳಿ ಬಿಟ್ಟುಬಿಡಿ. ಯಾರೇ ಬರಲಿ, ಮಾತು ಶುರು ಆಗುವ ಮುಂಚೆಯೇ ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹೊಲಿಗೆ ಮೆಷಿನ್ ಪಕ್ಕ ಅಂಟಿಸಿ.

ಇನ್ನು 120 ಕೇಳುತ್ತಿರುವ ಮೊದಲ ಕಂಪನಿ. ಅವರಿಗೆ ಮತ್ತೆ 145 ಅನ್ನಲು ಆಗಲ್ಲ, 130 ನಿಮ್ಮ ಬಾಯಿಂದಲೇ ಬಂದಿದೆ. ‘ಈ ಚೀಲಕ್ಕೆ 130ರಲ್ಲೇ ನಿಲ್ಲುತ್ತೇನೆ. 120ರ ಆಸುಪಾಸಿನಲ್ಲೇ ಬೇಕಿದ್ದರೆ 180 ಜಿಎಸ್‌ಎಂ, ಒಂದು ಬಣ್ಣ, ಜೇಬಿಲ್ಲದ ಚೀಲ 122ಕ್ಕೆ ಆಗುತ್ತದೆ. ಯಾವುದರ ಸ್ಯಾಂಪಲ್ ಕಳಿಸಲಿ?’ ಅಂತ ಬರೆಯಿರಿ. ತಮಾಷೆ ನೋಡಿ, ಅವರು 122ರದ್ದನ್ನೇ ಆರಿಸಿದರೆ ನಿಮಗೆ 130ಕ್ಕಿಂತ ಜಾಸ್ತಿ ಉಳಿಯುತ್ತದೆ. ಮೇಲ್ ಕಳಿಸಿದ ಮೇಲೆ ಎರಡು ದಿನ ಫೋನ್ ಮಾಡಬೇಡಿ. ಮೂರನೇ ದಿನ ಸ್ಯಾಂಪಲ್ ಬಗ್ಗೆ ಮಾತ್ರ ವಿಚಾರಿಸಿ, ರೇಟಿನ ಮಾತು ನೀವಾಗಿ ಎತ್ತಬೇಡಿ.