ಅಪ್ಲಿಕೇಶನ್‌ನಲ್ಲಿ ಕಂಡ ರೇಟೂ ಅಪ್ಪನ ಕೈಗೆ ಬರುವ ರೂಪಾಯಿಯೂ

"ಅಣ್ಣಾ, ನಾನು ದುಬೈಗೆ ಬಂದು ಎರಡು ತಿಂಗಳಾಯಿತು. ಊರು ಪೆರ್ಲ. ರೂಮಿನವರು ಹೇಳುತ್ತಾರೆ, ಎಕ್ಸ್‌ಚೇಂಜಿನಲ್ಲಿ ಹಣ ಕಳಿಸಿದರೆ ನಷ್ಟ, ಯುಎಸ್‌ಡಿಟಿ ಎಂಬ, ಡಾಲರಿಗೆ ಸಮವಾಗಿ ಇಟ್ಟ ಕ್ರಿಪ್ಟೋ ನಾಣ್ಯ ತೆಗೆದುಕೊಂಡು ಊರಲ್ಲಿ ಮಾರಿದರೆ ಒಂದಕ್ಕೆ 91 ರೂಪಾಯಿ ಸಿಗುತ್ತದೆ ಅಂತ. ತಿಂಗಳಿಗೆ 5000 ದಿರ್ಹಂ ಕಳಿಸಬೇಕು. ಹಾಗೆ ಮಾಡಲಾ?"

ತಮ್ಮಾ, ಆ 91 ಎಲ್ಲಿ ನೋಡಿದ್ದು ಅಂತ ಮೊದಲು ರೂಮಿನವರ ಹತ್ತಿರ ಕೇಳು. ನೇರವಾಗಿ ಒಬ್ಬರಿಂದ ಒಬ್ಬರಿಗೆ ಮಾರುವ ಆ ಅಪ್ಲಿಕೇಶನ್‌ಗಳಲ್ಲಿ `Buy` ಮತ್ತು `Sell` ಎಂದು ಎರಡು ಕಡೆ ಇರುತ್ತದೆ. `Buy` ಒತ್ತಿದರೆ ಕಾಣುವುದು ನೀನು ಕೊಳ್ಳಲು ಹೋದರೆ ತೆರಬೇಕಾದ ಬೆಲೆ. ನೀನು ಮಾರುವವನು, ನಿನ್ನದು `Sell` ಕಡೆ, ಅಲ್ಲಿ ಬೆಲೆ ಕಡಿಮೆ. ಬದಿಯಡ್ಕ ಪೇಟೆಗೆ ಅಡಿಕೆ ಕೊಂಡುಹೋದ ಹಾಗೆಯೇ ಇದು. ಪೇಪರಿನಲ್ಲಿ ಬರುವುದು ಒಳ್ಳೆಯ ಹಳೆ ಅಡಿಕೆಯ ರೇಟು. ನಮ್ಮ ಗೋಣಿಯಲ್ಲಿ ಕಡಿಮೆ ಬೆಲೆಯ ಪಟೋರವೂ ಕರಿಗೋಟೂ ಸೇರಿರುತ್ತದೆ.

ಊರಲ್ಲಿ ಆ ನಾಣ್ಯದ ಬೆಲೆ ಡಾಲರಿಗಿಂತ ಜಾಸ್ತಿ ಇರುವುದು ಸುಳ್ಳಲ್ಲ. ರೂಪಾಯಿಯನ್ನು ಬೇಕಾದ ಹಾಗೆ ಹೊರದೇಶಕ್ಕೆ ಸಾಗಿಸಲು ಆಗದ ಕಾರಣ ಅಲ್ಲಿ ಈ ನಾಣ್ಯ ಬೇಕಾದವರು ಹೆಚ್ಚು, ಸಿಗುವುದು ಕಡಿಮೆ. ಆ ಜಾಸ್ತಿಯೇ ರೂಮಿನವರ ಕಣ್ಣಿಗೆ ಬಿದ್ದಿರುವುದು.

ನಿನ್ನ 5000 ದಿರ್ಹಮನ್ನೇ ಲೆಕ್ಕ ಹಾಕೋಣ. ರೇಟು ದಿನಾ ಬದಲಾಗುತ್ತದೆ, ಇವು ಲೆಕ್ಕಕ್ಕೆಂದು ಹಿಡಿದ ಅಂಕೆಗಳು. ಎಕ್ಸ್‌ಚೇಂಜಿನವರು ದಿರ್ಹಮಿಗೆ 23.85 ರೂಪಾಯಿ ಹೇಳಿ, 25 ದಿರ್ಹಂ ಫೀಸು ಹಿಡಿದರೆ ಊರಿಗೆ ಮುಟ್ಟುವುದು ಸುಮಾರು 1,18,650 ರೂಪಾಯಿ. ಇನ್ನು ರೂಮಿನವರ ಲೆಕ್ಕ: ಡಾಲರಿಗೆ ದಿರ್ಹಂ 3.6725ಕ್ಕೆ ಕಟ್ಟಿಹಾಕಿದ್ದು, ಹಾಗಾಗಿ 1361 ಯುಎಸ್‌ಡಿಟಿ, ಅದಕ್ಕೆ 91ರಂತೆ 1,23,850. ಐದು ಸಾವಿರದಷ್ಟು ಲಾಭ ಕಾಣುತ್ತದೆ.

ಆದರೆ 3.6725ಕ್ಕೆ ನಿನಗೆ ಕೊಡುವವರು ಯಾರು? ಮಾರುವವನು 3.70 ಹೇಳುತ್ತಾನೆ. ಅಲ್ಲಿಗೆ ಕೈಗೆ ಬರುವುದು 1351. ಆಚೆ ವಾಲೆಟ್ಟಿಗೆ ಕಳಿಸಲು ಎರಡು ನಾಣ್ಯ ಹೋಯಿತು ಅಂತಿಟ್ಟುಕೋ. ಈ ಫೀಸು ಮೊತ್ತ ಸಣ್ಣದಾದರೂ ದೊಡ್ಡದಾದರೂ ಒಂದೇ, ಆದ್ದರಿಂದ ಸಣ್ಣ ಮೊತ್ತಕ್ಕೆ ಭಾರ ಹೆಚ್ಚು. ನಾಣ್ಯ ಕಳಿಸಲು `TRC20` ಮತ್ತು `ERC20` ಎಂಬ ಬೇರೆಬೇರೆ ದಾರಿಗಳಿವೆ. ಎರಡೂ ಕಡೆ ಒಂದೇ ಆರಿಸದಿದ್ದರೆ ನಾಣ್ಯ ಕೈಬಿಟ್ಟು ಹೋಗಬಹುದು. ಉಳಿದ 1349ನ್ನು `Sell` ಕಡೆಯ 89.50ಕ್ಕೆ ಮಾರಿದರೆ 1,20,735. ಅದರಲ್ಲಿ ಶೇಕಡಾ 1 ಟಿಡಿಎಸ್, 2022ರ ಜುಲೈಯಿಂದ ಬಂದ ನಿಯಮ. ಕೊನೆಗೆ ಕೈಗೆ ಬರುವುದು ಸುಮಾರು 1,19,530.

ಐದು ಸಾವಿರ ಅಂದುಕೊಂಡದ್ದು ಸುಮಾರು ಒಂಬೈನೂರಕ್ಕೆ ಇಳಿಯಿತು. ಟಿಡಿಎಸ್ ರಿಟರ್ನ್ ಹಾಕಿದ ಮೇಲೆ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಲಾಭಕ್ಕೆ ಶೇಕಡಾ 30 ತೆರಿಗೆ ಬೇರೆ. ಅದರಲ್ಲಿ ಕೊಂಡ ಬೆಲೆಯನ್ನು ಮಾತ್ರ ಕಳೆಯಲು ಬಿಡುತ್ತಾರೆ, ಕಳಿಸಿದ ಫೀಸನ್ನು ಬಿಡುವುದಿಲ್ಲ.

ಇಷ್ಟೇ ಆಗಿದ್ದರೆ ನಿನ್ನಿಷ್ಟ ಅನ್ನುತ್ತಿದ್ದೆ. ನನ್ನನ್ನು ನಿಲ್ಲಿಸಿದ್ದು ಬೇರೆ ಸಂಗತಿ. ಒಂದು ಸಲ ನಾನೂ ಹಾಗೆ ಮಾಡಿದೆ. ರೂಪಾಯಿ ಊರಲ್ಲಿರುವ ನನ್ನ ತಮ್ಮನ ಉಳಿತಾಯ ಖಾತೆಗೆ ಬಂತು, ಮೂರು ಕಂತಿನಲ್ಲಿ, ಮೂರು ಬೇರೆಬೇರೆ ಹೆಸರಿನಿಂದ. ಅಪ್ಲಿಕೇಶನ್‌ನಲ್ಲಿ ಕೊಂಡವನ ಹೆಸರು ಆ ಮೂರರಲ್ಲಿ ಯಾವುದೂ ಅಲ್ಲ. ಆಗ ನಾನು ಅದನ್ನು ಗಮನಿಸಲಿಲ್ಲ. ಕೆಲವು ವಾರದ ಮೇಲೆ ನನ್ನ ತಮ್ಮ ಎಟಿಎಂಗೆ ಹೋದರೆ ಹಣ ತೆಗೆಯಲು ಆಗಲಿಲ್ಲ. ಬೇರೆ ರಾಜ್ಯದಲ್ಲಿ ಯಾರೋ ಮೋಸ ಹೋಗಿ ಸೈಬರ್ ಪೊಲೀಸರಿಗೆ ದೂರು ಕೊಟ್ಟಿದ್ದರು, ಆ ಹಣದ ಒಂದು ತುಂಡು ನಮ್ಮ ಖಾತೆ ಹಾದು ಹೋಗಿತ್ತು. ಬ್ಯಾಂಕಿನವರು ಖಾತೆ ತಡೆದರು. ತಂಗಿಯ ಮಗುವಿನ ಆಸ್ಪತ್ರೆಗೆ ಅಂತ ಇಟ್ಟ ಹಣವೂ ಅದರಲ್ಲೇ ಇತ್ತು. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಎಕ್ಸ್‌ಚೇಂಜಿನ ರಶೀದಿ ಇದ್ದಿದ್ದರೆ ಒಂದೇ ಕಾಗದ ತೋರಿಸಿ ಮುಗಿಸಬಹುದಿತ್ತು. ನಮ್ಮ ಕೈಲಿ ಇದ್ದದ್ದು ಮೊಬೈಲಿನ ಚಿತ್ರಗಳು ಮಾತ್ರ.

ಎನ್‌ಆರ್‌ಇ ಖಾತೆಗೆ ಹಾಕಿಸೋಣ ಅಂದರೂ ಆಗದು. ಅಪರಿಚಿತರು ಊರಿನಲ್ಲಿ ಕೊಡುವ ರೂಪಾಯಿ ಅದಕ್ಕೆ ಸೇರುವಂತಿಲ್ಲ, ಹೊರದೇಶದಿಂದ ಬ್ಯಾಂಕ್ ದಾರಿಯಲ್ಲೇ ಬರಬೇಕು.

ಸಂಬಳದ ದಿನ ದೇರಾದಲ್ಲಿ ಎರಡು ಮೂರು ಎಕ್ಸ್‌ಚೇಂಜ್ ಕೌಂಟರಿಗೆ ಹೋಗು. ರೇಟೆಷ್ಟು, ಫೀಸೆಷ್ಟು ಅಂತ ಕೇಳಬೇಡ. "ನಾನು 5000 ಕೊಟ್ಟರೆ ಎಲ್ಲ ಕಳೆದು ಅಪ್ಪನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ" ಅಂತ ಕೇಳು. ಫೀಸೇ ಇಲ್ಲ ಅನ್ನುವವರು ರೇಟಿನಲ್ಲಿ ಹಿಡಿದಿರುತ್ತಾರೆ, ಈ ಒಂದು ಪ್ರಶ್ನೆಗೆ ಅದೂ ಹೊರಗೆ ಬರುತ್ತದೆ.